ಒಂದೇ ಒಂದು ಎಡ್ಜ್ ಯಾಕೆ ತಿರುಗಲ್ಲ?

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ರೂಮಿನ ರೂಬಿಕ್ಸ್ ಕ್ಯೂಬ್ ಮಂಚದ ಮೇಲಿಂದ ಬಿದ್ದು ಚೂರುಚೂರಾಯ್ತು. ಮಂಚದ ಕೆಳಗೆ, ಶೂ ಒಳಗೆ ಎಲ್ಲ ಹುಡುಕಿ ತುಂಡುಗಳನ್ನು ಮತ್ತೆ ಜೋಡಿಸಿದೆವು. ಬಣ್ಣ ನೋಡದೆ, ಕೈಗೆ ಸಿಕ್ಕಿದ ಹಾಗೆ. ಆಮೇಲೆ ಸಾಲ್ವ್ ಮಾಡೋಕೆ ಕೂತರೆ ಕೊನೆಯಲ್ಲಿ ಎಲ್ಲ ಸರಿ, ಒಂದು ಎಡ್ಜ್ ಮಾತ್ರ ಉಲ್ಟಾ. ಅದು ತನ್ನ ಜಾಗದಲ್ಲೇ ಇದೆ, ಆದರೆ ಎರಡು ಬಣ್ಣ ಅದಲುಬದಲಾಗಿದೆ. ಕಲಸಿ ಇನ್ನೊಮ್ಮೆ ಮಾಡಿದೆವು, ಮತ್ತೆ ಅದೇ ಕಥೆ. ಮೂರನೇ ಸಲ ಬೇರೆ ಎಡ್ಜ್ ಉಲ್ಟಾ ಆಯ್ತು, ಆದರೆ ಒಂದೇ ಒಂದು. ರಾತ್ರಿ ಎರಡು ಗಂಟೆಗೆ ನಮಗೆ ಬಂದ ಅನುಮಾನ: ತಪ್ಪು ನಮ್ಮದಲ್ಲ, ಇದು ಸಾಲ್ವ್ ಆಗೋ ಕ್ಯೂಬೇ ಅಲ್ಲ. ಅನುಮಾನ ನಿಜವಾಗಿತ್ತು. ಯಾಕೆ ಅಂತ ಹೇಳೋ ಗಣಿತದ ಹೆಸರು ರೀತ್ ಪ್ರಾಡಕ್ಟ್.

ಕಾರ್ನರ್‌ಗಳನ್ನು ಸದ್ಯಕ್ಕೆ ಮರೆತುಬಿಡೋಣ. ಕ್ಯೂಬಿನಲ್ಲಿ 12 ಎಡ್ಜ್ ತುಂಡುಗಳಿವೆ, ಪ್ರತಿಯೊಂದಕ್ಕೂ ಎರಡು ಸ್ಟಿಕರ್. ಒಟ್ಟು 24 ಸ್ಟಿಕರ್. 24 ವಸ್ತುಗಳನ್ನು ಬೇಕಾದ ಹಾಗೆ ಕದಲಿಸಬಹುದು ಅಂದ್ರೆ 24! ರೀತಿ, ಅದು 24 ಅಂಕಿಗಳ ಸಂಖ್ಯೆ. ಆದರೆ ಇಲ್ಲಿ ಅಷ್ಟು ಸ್ವಾತಂತ್ರ್ಯ ಇಲ್ಲ. ಬಿಳಿ-ಹಸಿರು ತುಂಡಿನ ಬಿಳಿ ಸ್ಟಿಕರ್ ಎಲ್ಲಿಗೆ ಹೋದರೂ ಹಸಿರು ಅದರ ಪಕ್ಕದಲ್ಲೇ ಇರಬೇಕು, ಎರಡೂ ಒಂದೇ ಪ್ಲಾಸ್ಟಿಕ್ಕಿಗೆ ಅಂಟಿವೆಯಲ್ಲ! ಹೀಗೆ ಯಾವಾಗಲೂ ಜೊತೆಯಾಗಿಯೇ ಓಡಾಡುವ ಗುಂಪಿಗೆ ಬ್ಲಾಕ್ ಅಂತಾರೆ. ನಮ್ಮಲ್ಲಿ 12 ಬ್ಲಾಕ್, ಒಂದೊಂದರಲ್ಲಿ ಎರಡು ಸ್ಟಿಕರ್. ಈ ಬ್ಲಾಕ್‌ಗಳನ್ನು ಒಡೆಯದ ಎಲ್ಲ ಪರ್ಮ್ಯುಟೇಶನ್‌ಗಳೂ ಸೇರಿದರೆ ಸಿಗುವ ಗ್ರೂಪೇ C_2 wr S_12.

ಇದರ ಆರ್ಡರ್ ಎಷ್ಟು ಅಂತ ಲೆಕ್ಕ ಹಾಕೋದು ಸುಲಭ. ಮೊದಲು ಯಾವ ಬ್ಲಾಕ್ ಯಾವ ಜಾಗಕ್ಕೆ ಅಂತ ನಿರ್ಧರಿಸಿ: 12! ರೀತಿ. ಆಮೇಲೆ ಪ್ರತಿ ಜಾಗದಲ್ಲಿ ತುಂಡನ್ನು ನೇರ ಇಡಬೇಕಾ, ಉಲ್ಟಾ ಇಡಬೇಕಾ: ಜಾಗಕ್ಕೆ 2 ಆಯ್ಕೆ, ಒಟ್ಟು 2^12. ಗುಣಿಸಿದರೆ 4096 × 47,90,01,600, ಅಂದ್ರೆ 19,61,99,05,53,600. ಸುಮಾರು 1.96 ಲಕ್ಷ ಕೋಟಿ. ತುಂಡುಗಳು n ಇದ್ದರೆ ಸೂತ್ರ 2^n · n!. GAP ಇದ್ದವರು ಹೀಗೆ ಟೈಪ್ ಮಾಡಿ ನೋಡಬಹುದು:

```
G := WreathProduct(Group((1,2)), SymmetricGroup(12));
Size(G);
Blocks(G, [1..24]);
```

ಎರಡನೇ ಸಾಲು ಆರ್ಡರ್ ಕೊಡುತ್ತೆ, ಮೂರನೆಯದು 24 ಬಿಂದುಗಳು ಎರಡೆರಡಾಗಿ ಹೇಗೆ ಬ್ಲಾಕ್ ಆಗಿವೆ ಅಂತ ತೋರಿಸುತ್ತೆ.

ಇಲ್ಲಿ ನಾವೇ ಬಿದ್ದ ಒಂದು ಹಳ್ಳ ಇದೆ, ಹೇಳಿಬಿಡುತ್ತೇವೆ. 2^12 ಗುಣಿಸು 12! ಅಂತ ಬಂತಲ್ಲ, ಹಾಗಾದರೆ ಇದು ಸುಮ್ಮನೆ ಡೈರೆಕ್ಟ್ ಪ್ರಾಡಕ್ಟ್ ಇರಬೇಕು ಅಂದುಕೊಂಡೆವು. ತಿರುಗಿಸೋ ಕೆಲಸ ಒಂದು ಕಡೆ, ಜಾಗ ಬದಲಿಸೋ ಕೆಲಸ ಇನ್ನೊಂದು ಕಡೆ, ಒಂದಕ್ಕೊಂದು ಸಂಬಂಧ ಇಲ್ಲ ಅಂತ. ಡೈರೆಕ್ಟ್ ಪ್ರಾಡಕ್ಟಿನ ಆರ್ಡರ್ ಕೂಡ ಅಷ್ಟೇ ಬರುತ್ತೆ, ಅದಕ್ಕೇ ಎಣಿಕೆಯಿಂದ ಈ ತಪ್ಪು ಗೊತ್ತೇ ಆಗಲ್ಲ.

ಎರಡೇ ತುಂಡು ಇಟ್ಟುಕೊಂಡು ನೋಡಿದರೆ ಗೊತ್ತಾಗುತ್ತೆ. ಎರಡು ಬಸ್ ಟಿಕೆಟ್ ಸಾಕು, ಒಂದರ ಮೇಲೆ A, ಇನ್ನೊಂದರ ಮೇಲೆ B ಅಂತ ಬರೆದು, ಒಂದನೇ ಜಾಗದಲ್ಲಿ A, ಎರಡನೇ ಜಾಗದಲ್ಲಿ B ಇಡಿ. ಮೊದಲು ಒಂದನೇ ಜಾಗದ ಟಿಕೆಟ್ ಮಗುಚಿ, ಆಮೇಲೆ ಎರಡನ್ನೂ ಅದಲುಬದಲು ಮಾಡಿ: ಮಗುಚಿದ ಟಿಕೆಟ್ ಎರಡನೇ ಜಾಗದಲ್ಲಿ ಕೂತಿರುತ್ತೆ. ಈಗ ಮತ್ತೆ ಮೊದಲಿಂದ ಶುರು ಮಾಡಿ, ಮೊದಲು ಅದಲುಬದಲು, ಆಮೇಲೆ ಒಂದನೇ ಜಾಗದ್ದನ್ನು ಮಗುಚಿ: ಮಗುಚಿದ್ದು ಒಂದನೇ ಜಾಗದಲ್ಲೇ ಇದೆ. ಉತ್ತರ ಬೇರೆ ಬೇರೆ. ಜಾಗ ಬದಲಿಸುವಾಗ ಮಗುಚುವಿಕೆಯೂ ಜೊತೆಗೆ ಪ್ರಯಾಣ ಮಾಡುತ್ತೆ. ಡೈರೆಕ್ಟ್ ಪ್ರಾಡಕ್ಟಿನಲ್ಲಿ ಇದು ಆಗಲ್ಲ, ರೀತ್ ಪ್ರಾಡಕ್ಟಿನ ಜೀವ ಇರೋದೇ ಇಲ್ಲಿ.

"ಅದಲುಬದಲು ಮಾಡು, ಒಂದನೇ ಜಾಗದ್ದನ್ನು ಮಗುಚು" ಅನ್ನೋದನ್ನೇ ಒಂದು ಚಲನೆ ಅಂತ ಇಟ್ಟುಕೊಂಡು ಎರಡು ಸಲ ಮಾಡಿ. A, B ಎರಡೂ ತಮ್ಮ ತಮ್ಮ ಜಾಗಕ್ಕೆ ವಾಪಸ್, ಆದರೆ ಎರಡೂ ಉಲ್ಟಾ. ನಾಲ್ಕು ಸಲ ಮಾಡಿದರೆ ಮಾತ್ರ ಎಲ್ಲ ಮೊದಲಿನ ಹಾಗೆ. ಅಂದ್ರೆ ಈ 8 ಸದಸ್ಯರ ಗ್ರೂಪಿನಲ್ಲಿ ಆರ್ಡರ್ 4 ಇರೋ ಸದಸ್ಯ ಇದೆ. ಡೈರೆಕ್ಟ್ ಪ್ರಾಡಕ್ಟ್ ಆಗಿದ್ದರೆ ಯಾವ ಚಲನೆಯನ್ನಾದರೂ ಎರಡು ಸಲ ಮಾಡಿದರೆ ಮೊದಲಿನ ಸ್ಥಿತಿಗೆ ಬಂದುಬಿಡಬೇಕಿತ್ತು. ಅಂದಹಾಗೆ ಈ 8ರ ಗ್ರೂಪ್ ನಿಮಗೆ ಗೊತ್ತಿರೋದೇ, ಚೌಕದ ಸಿಮೆಟ್ರಿ ಗ್ರೂಪ್. ಅಲ್ಲಿ ಬ್ಲಾಕ್ ಅಂದ್ರೆ ಎದುರುಬದುರು ಮೂಲೆಗಳ ಜೋಡಿ.

ಸರಿ, ಕ್ಯೂಬಿಗೆ ವಾಪಸ್ ಬರೋಣ. ಈ ಗ್ರೂಪನ್ನು ಎರಡು ದೂರದಿಂದ ನೋಡಬಹುದು. ದೂರದಿಂದ ನೋಡಿದರೆ ಬಣ್ಣ ಕಾಣಲ್ಲ, 12 ತುಂಡುಗಳು ಜಾಗ ಬದಲಿಸೋದಷ್ಟೇ ಕಾಣುತ್ತೆ. ಇದೇ ಬ್ಲಾಕ್‌ಗಳ ಮೇಲಿನ ಆಕ್ಷನ್, ಇದು S_12ಗೆ ಹೋಗುವ ಹೋಮೋಮಾರ್ಫಿಸಂ. ದೂರದಿಂದ ಏನೂ ಆಗಿಲ್ಲ ಅನ್ನಿಸುವ ಚಲನೆಗಳೇ ಇದರ ಕರ್ನಲ್: ತುಂಡುಗಳು ಜಾಗ ಬಿಟ್ಟಿಲ್ಲ, ಕೆಲವು ಕೂತಲ್ಲೇ ತಿರುಗಿವೆ. ಅಂಥವು 2^12. ನಮ್ಮ ಆ ರಾತ್ರಿಯ ಕ್ಯೂಬ್ ಈ ಕರ್ನಲ್ ಒಳಗಿನ ಒಂದು ಸ್ಥಿತಿಯಲ್ಲಿ ಸಿಕ್ಕಿಕೊಂಡಿತ್ತು. ಹತ್ತಿರದಿಂದ ನೋಡಿದರೆ 24 ಸ್ಟಿಕರ್‌ಗಳ ಓಡಾಟ ಕಾಣುತ್ತೆ, ಉತ್ತರ ಸಿಗೋದು ಅಲ್ಲೇ.

ಯಾವ ಪರ್ಮ್ಯುಟೇಶನ್ನಾದರೂ ಒಂದೋ ಸಮ, ಇಲ್ಲಾ ಬೆಸ. ಎರಡೆರಡನ್ನು ಅದಲುಬದಲು ಮಾಡುತ್ತಾ ಅದನ್ನು ಕಟ್ಟುವಾಗ ಎಷ್ಟು ಅದಲುಬದಲು ಬೇಕು ಅನ್ನೋದು ಬದಲಾಗಬಹುದು, ಅದು ಸಮವೋ ಬೆಸವೋ ಅನ್ನೋದು ಮಾತ್ರ ಬದಲಾಗಲ್ಲ. ಈಗ ಕ್ಯೂಬಿನ ಮೇಲಿನ ಮುಖವನ್ನು ಕಾಲು ಸುತ್ತು ತಿರುಗಿಸಿ. ನಾಲ್ಕು ಎಡ್ಜ್‌ಗಳ ಮೇಲ್ಗಡೆಯ ಸ್ಟಿಕರ್‌ಗಳು ನಾಲ್ಕರ ಒಂದು ಚಕ್ರದಲ್ಲಿ ಸುತ್ತುತ್ತವೆ, ಪಕ್ಕದ ಸ್ಟಿಕರ್‌ಗಳು ನಾಲ್ಕರ ಇನ್ನೊಂದು ಚಕ್ರದಲ್ಲಿ. ನಾಲ್ಕರ ಚಕ್ರ ಒಂದೊಂದೂ ಬೆಸ, ಏಕೆಂದರೆ ಅದಕ್ಕೆ ಮೂರು ಅದಲುಬದಲು ಬೇಕು. ಎರಡು ಬೆಸ ಸೇರಿದರೆ ಸಮ. ಯಾವ ಮುಖ ತಿರುಗಿಸಿದರೂ ಇದೇ ಲೆಕ್ಕ. ಹಾಗಾಗಿ ಎಷ್ಟೇ ತಿರುಗಿಸಿ, 24 ಸ್ಟಿಕರ್‌ಗಳ ಪರ್ಮ್ಯುಟೇಶನ್ ಯಾವಾಗಲೂ ಸಮ. ಒಂದೇ ಎಡ್ಜ್ ಕೂತಲ್ಲೇ ಉಲ್ಟಾ ಆಗೋದು ಅಂದ್ರೆ ಎರಡು ಸ್ಟಿಕರ್‌ಗಳ ಒಂದೇ ಒಂದು ಅದಲುಬದಲು, ಅದು ಬೆಸ. ಅಷ್ಟೇ, ಕಥೆ ಮುಗೀತು. ಸಾಧ್ಯ ಇಲ್ಲ.

ಎರಡು ತುಂಡುಗಳು ಪೂರ್ತಿಯಾಗಿ ಜಾಗ ಬದಲಿಸಿದರೂ ಇಲ್ಲಿ ಸಮವೇ ಬರುತ್ತೆ ಅನ್ನೋದನ್ನು ಗಮನಿಸಿ, ಏಕೆಂದರೆ ಸ್ಟಿಕರ್ ಲೆಕ್ಕದಲ್ಲಿ ಅದು ಎರಡು ಅದಲುಬದಲು. ಅಂದ್ರೆ ಬ್ಲಾಕ್‌ಗಳ ಓಡಾಟಕ್ಕೂ ಈ ಸಮ-ಬೆಸಕ್ಕೂ ಸಂಬಂಧ ಇಲ್ಲ, ಮಗುಚಿದ್ದು ಎಷ್ಟು ಅನ್ನೋದಷ್ಟೇ ಲೆಕ್ಕಕ್ಕೆ ಬರೋದು. ಹೀಗಾಗಿ ಮುಖಗಳನ್ನು ತಿರುಗಿಸಿ ಎಡ್ಜ್‌ಗಳಿಗೆ ತಲುಪಬಹುದಾದ್ದು ರೀತ್ ಪ್ರಾಡಕ್ಟಿನ ಸರಿಯಾಗಿ ಅರ್ಧ: 2^11 · 12!, ಅಂದ್ರೆ 9,80,99,52,76,800. ಕಣ್ಣು ಮುಚ್ಚಿ ಜೋಡಿಸಿದರೆ ಎಡ್ಜ್‌ಗಳ ವಿಷಯದಲ್ಲೇ ಅರ್ಧಕ್ಕರ್ಧ ಸಲ ಎಡವುತ್ತೇವೆ.

ಇದನ್ನು ಸಾಲ್ವ್ ಮಾಡೋಕೆ ಮುಂಚೆಯೇ ಕಂಡುಹಿಡಿಯಬಹುದಾ? ಹಿಡಿಯಬಹುದು, ಬ್ಲಾಕ್‌ಗಳೇ ದಾರಿ ತೋರಿಸುತ್ತವೆ. ಮಧ್ಯದ ಸ್ಟಿಕರ್‌ಗಳು ಅಲ್ಲಾಡಲ್ಲ, ಅವೇ ಪ್ರತಿ ಮುಖದ ಬಣ್ಣ ಹೇಳುತ್ತವೆ. ಬಿಳಿ-ಹಸಿರಿನ ಮನೆಗೆ ಹೋಗಿ, ಬಿಳಿ ಮುಖದ ಕಡೆ ನೋಡಿ. ಅಲ್ಲಿ ಕೆಂಪು ಇದೆ, ಅದರ ಜೊತೆಗಾರ ನೀಲಿ ಅಂತ ಇಟ್ಟುಕೊಳ್ಳೋಣ. ಹಾಗಾದರೆ ಕೆಂಪು-ನೀಲಿಯ ಮನೆಗೆ ಹೋಗಿ ಕೆಂಪು ಮುಖದ ಕಡೆ ನೋಡಿ. ಅಲ್ಲಿ ಕಿತ್ತಳೆ, ಜೊತೆಗಾರ ಹಳದಿ. ಕಿತ್ತಳೆ-ಹಳದಿಯ ಮನೆಗೆ ಹೋಗಿ ಕಿತ್ತಳೆ ಕಡೆ ನೋಡಿ. ಅಲ್ಲಿ ಹಸಿರು, ಜೊತೆಗಾರ ಬಿಳಿ. ಅಂದ್ರೆ ಹೊರಟ ಮನೆಗೇ ವಾಪಸ್ ಬಂದೆವು, ಆದರೆ ಹೊರಟಿದ್ದು ಬಿಳಿ ಬಾಗಿಲಿಂದ, ಬಂದಿದ್ದು ಹಸಿರು ಬಾಗಿಲಿಗೆ! ಮೂರು ತುಂಡುಗಳ ಸುತ್ತು ಇದು, ಆದರೆ ಸ್ಟಿಕರ್ ಲೆಕ್ಕದಲ್ಲಿ ಹೊರಟ ಸ್ಟಿಕರಿಗೆ ವಾಪಸ್ ಬರೋಕೆ ಇನ್ನೊಂದು ಸುತ್ತು ಹೊಡೆಯಬೇಕು. ಆರರ ಒಂದು ಚಕ್ರ, ಅದು ಬೆಸ. ಅದೇ ಬಿಳಿ ಬಾಗಿಲಿಗೆ ಬಂದಿದ್ದರೆ ಮೂರರ ಎರಡು ಚಕ್ರಗಳಾಗುತ್ತಿದ್ದವು, ಒಟ್ಟು ಸಮ.

ಮೂರರ ಬದಲು ಎಷ್ಟೇ ತುಂಡುಗಳ ಸುತ್ತಾದರೂ ಇದೇ ನಿಯಮ. ಕೂತಲ್ಲೇ ಉಲ್ಟಾ ಆಗಿರುವ ತುಂಡು ಒಂದೇ ತುಂಡಿನ ಸುತ್ತು, ಅದನ್ನೂ ಎಣಿಸಬೇಕು. ನಾವು ಮೊದಲು ಇದನ್ನೇ ಬಿಟ್ಟು ಒಂದು ಸಲ ತಪ್ಪು ಉತ್ತರ ತೆಗೆದಿದ್ದೆವು. 12 ತುಂಡುಗಳೂ ಮುಗಿಯುವವರೆಗೆ ಸುತ್ತುಗಳನ್ನು ಬರೆದುಕೊಂಡು, ತಪ್ಪು ಬಾಗಿಲಿಗೆ ಬಂದ ಸುತ್ತುಗಳು ಎಷ್ಟು ಅಂತ ಎಣಿಸಿ. ಸಮ ಬಂದರೆ ಎಡ್ಜ್‌ಗಳು ಸರಿ ಇವೆ. ಬೆಸ ಬಂದರೆ ಎಷ್ಟು ಒದ್ದಾಡಿದರೂ ಕೊನೆಯಲ್ಲಿ ಒಂದು ಎಡ್ಜ್ ಉಲ್ಟಾ ನಿಲ್ಲುತ್ತೆ.

ಈ ಪರೀಕ್ಷೆಗೆ ಒಂದು ಮಿತಿ ಇದೆ, ಇದು ಕಾರ್ನರ್‌ಗಳ ಬಗ್ಗೆ ಏನೂ ಹೇಳಲ್ಲ. 8 ಕಾರ್ನರ್‌ಗಳಿಗೆ ಮೂರು ಮೂರು ಸ್ಟಿಕರ್, ಅಲ್ಲಿನ ಗ್ರೂಪ್ C_3 wr S_8, ತಲುಪಬಹುದಾದ್ದು ಅದರ ಮೂರನೇ ಒಂದು ಭಾಗ. ಜೊತೆಗೆ ಎಡ್ಜ್ ತುಂಡುಗಳ ಜಾಗದ ಸಮ-ಬೆಸ ಕಾರ್ನರ್‌ಗಳದ್ದಕ್ಕೆ ಹೊಂದಬೇಕು ಅನ್ನೋ ಇನ್ನೊಂದು ಷರತ್ತು, ಅದರಿಂದ ಮತ್ತೆ ಅರ್ಧ. ಮೂರೂ ಸೇರಿ, ಸಿಕ್ಕಾಪಟ್ಟೆ ಜೋಡಿಸಿದ ಕ್ಯೂಬ್ ಸಾಲ್ವ್ ಆಗೋ ಸಾಧ್ಯತೆ ಹನ್ನೆರಡರಲ್ಲಿ ಒಂದು. ನಮ್ಮ ಕ್ಯೂಬಿನಲ್ಲಿ ಎಡ್ಜ್ ಒಂದೇ ಕೆಟ್ಟಿತ್ತು ಅನ್ನೋದು ಅದೃಷ್ಟ ಅಂತಲೇ ಹೇಳಬೇಕು.

ಮೇಲಿನ ಮುಖವನ್ನು ಅರೆಬರೆ, 45 ಡಿಗ್ರಿ ತಿರುಗಿಸಿ, ಆ ಎಡ್ಜನ್ನು ಹೆಬ್ಬೆರಳಿಂದ ಮೀಟಿ ಹೊರಗೆ ತೆಗೆದು, ಉಲ್ಟಾ ಮಾಡಿ ಒತ್ತಿ ಕೂರಿಸಿದೆವು. ಮೊನ್ನೆ ಅದೇ ಕ್ಯೂಬ್ ಮತ್ತೆ ಬಿತ್ತು. ಈ ಸಲ ಸಾಲ್ವ್ ಮಾಡೋಕೆ ಕೂರಲಿಲ್ಲ, ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸುತ್ತುಗಳನ್ನು ಬರೆದೆವು. ತಪ್ಪು ಬಾಗಿಲಿಗೆ ಬಂದವು ಮೂರು. ಯಾವುದೋ ಒಂದು ಎಡ್ಜ್ ತೆಗೆದು ತಿರುಗಿಸಿ ಹಾಕಿದೆವು, ಯಾವುದಾದರೂ ನಡೆಯುತ್ತೆ. ಆಮೇಲೆ ಕಾರ್ನರ್ ಹತ್ತಿರ ಸಿಕ್ಕಿಹಾಕಿಕೊಂಡೆವು, ಅದು ಬೇರೆ ಮಾತು.