ಇಷ್ಟುದ್ದದ ಜಾಹೀರಾತಿನಲ್ಲಿ ಕೆಲಸ ಎಲ್ಲಿದೆ?

ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಗೆ ಸೀನಿಯರ್ ಅಕೌಂಟೆಂಟ್ ಬೇಕಾಗಿದ್ದಾರೆ ಎಂದುಕೊಳ್ಳಿ. ಜಾಹೀರಾತು ಹೀಗಿರುತ್ತದೆ: ಬಿ.ಕಾಂ., ಎಂ.ಕಾಂ. ಅಥವಾ ಸಿಎ ಇಂಟರ್, ಟ್ಯಾಲಿ, ಎಸ್‌ಎಪಿ, ಜಿಎಸ್‌ಟಿ, ಟಿಡಿಎಸ್, ಪಿಎಫ್, ಅಡ್ವಾನ್ಸ್ಡ್ ಎಕ್ಸೆಲ್, ಹಿಂದಿ ಬರಬೇಕು, ಬೈಕ್ ಇರಬೇಕು, ಒತ್ತಡ ತಾಳಬೇಕು, ‘ಮಾಲೀಕರು ಹೇಳುವ ಇತರೆ ಕೆಲಸಗಳು’. ಇದನ್ನು ಓದಿ ಕೆಲಸ ಬಲ್ಲವರು ಹಿಂಜರಿಯುತ್ತಾರೆ, ಬಾರದವರು ಧೈರ್ಯವಾಗಿ ಅರ್ಜಿ ಹಾಕುತ್ತಾರೆ. ಹಳೆಯ ಜಾಹೀರಾತಿಗೆ ಪ್ರತಿ ಸಲ ಒಂದೆರಡು ಸಾಲು ಸೇರಿಸುತ್ತಾ ಹೋದರೆ ಹೀಗೇ ಆಗುವುದು.

ಸರಿಪಡಿಸಲು ಜಾಹೀರಾತನ್ನು ಪಕ್ಕಕ್ಕಿಟ್ಟು ಕ್ಯಾಲೆಂಡರ್ ತೆಗೆಯಿರಿ. ಮಾರ್ಚ್ ತಿಂಗಳದ್ದೊಂದು ಬಿಟ್ಟರೆ, ಹಿಂದಿನ ತಿಂಗಳು ಹಿಡಿದ ಟಿಡಿಎಸ್ ಅನ್ನು 7ರೊಳಗೆ ಕಟ್ಟಬೇಕು. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಾದರೆ ಜಿಎಸ್‌ಟಿಆರ್-1ಕ್ಕೆ 11, ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. ನಡುವೆ 14ರಂದು ಜಿಎಸ್‌ಟಿಆರ್-2ಬಿ ಬರುತ್ತದೆ. ಸರಬರಾಜುದಾರರು ತೋರಿಸಿದ ಬಿಲ್‌ಗಳೆಲ್ಲ ಅದರಲ್ಲಿರುತ್ತವೆ. ಅಲ್ಲಿಲ್ಲದ ಬಿಲ್‌ಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ.

ಈಗ ಕರ್ತವ್ಯ ತಾನಾಗಿಯೇ ಕಾಣುತ್ತದೆ. ‘ಜಿಎಸ್‌ಟಿ ನೋಡಿಕೊಳ್ಳುವುದು’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಪ್ರತಿ ತಿಂಗಳು 2ಬಿಯನ್ನು ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ, ಬಿಟ್ಟುಹೋದ ಬಿಲ್‌ಗಳ ಬಗ್ಗೆ ಸರಬರಾಜುದಾರರನ್ನು ಕೇಳಿ, 20ರೊಳಗೆ 3ಬಿ ಸಲ್ಲಿಸುವುದು’ ಎಂದು ಬರೆದರೆ ಆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಬಹುದು. ಇಂಥ ಐದಾರು ಸಾಲು ಸಾಕು.

ಮಧ್ಯಮ ಹಂತದ ಹುದ್ದೆಗೆ ಇನ್ನೊಂದು ಸಾಲು ಬೇಕು: ಯಾವುದನ್ನು ಸ್ವಂತವಾಗಿ ತೀರ್ಮಾನಿಸಬಹುದು, ಯಾವುದನ್ನು ಕೇಳಬೇಕು. ಬಿಲ್ 2ಬಿಯಲ್ಲಿ ಇಲ್ಲದಿದ್ದರೆ ಕಿರಿಯರು ಬಂದು ತಿಳಿಸುತ್ತಾರೆ. ಈ ಹುದ್ದೆಯವರು ಸರಬರಾಜುದಾರರಿಗೆ ಫೋನ್ ಮಾಡಿ, ಅಗತ್ಯ ಬಿದ್ದರೆ ತೆರಿಗೆಯಷ್ಟು ಹಣವನ್ನು ತಡೆಹಿಡಿಯುತ್ತಾರೆ. ಬಾಕಿ ಮನ್ನಾ ಮಾಡುವುದು ಮಾಲೀಕರಿಗೆ ಬಿಟ್ಟದ್ದು. ‘ಮೂರರಿಂದ ಹತ್ತು ವರ್ಷ ಅನುಭವ’ ಎನ್ನುವುದಕ್ಕಿಂತ ಇದೇ ಹೆಚ್ಚು ತಿಳಿಸುತ್ತದೆ.

ಕೌಶಲ ವಿಂಗಡಿಸಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವ ಕರ್ತವ್ಯಕ್ಕೆ ಬೇಕು? ಬಾರದವರು ಬಂದರೆ ಎರಡು ಮೂರು ತಿಂಗಳಲ್ಲಿ ಕಲಿತಾರೇ? ತಿಂಗಳ ಲೆಕ್ಕ ಮುಗಿಸಿ, ರಿಟರ್ನ್ ಸಲ್ಲಿಸಿದ ಅನುಭವವನ್ನು ಕೂತು ಕಲಿಸಲಾಗದು, ಆದ್ದರಿಂದ ಕಡ್ಡಾಯ. ‘ಅಡ್ವಾನ್ಸ್ಡ್ ಎಕ್ಸೆಲ್’ ಬದಲು ‘ಎರಡು ಪಟ್ಟಿಗಳನ್ನು ವಿ-ಲುಕಪ್‌ನಿಂದ ಹೋಲಿಸಲು ಬರಬೇಕು’ ಎನ್ನಿ, ಅದೂ ಕಡ್ಡಾಯ. ಬೇರೆ ಸಾಫ್ಟ್‌ವೇರ್‌ನಲ್ಲಿ ಪಳಗಿದವರಿಗೆ ಟ್ಯಾಲಿ ಕೆಲವು ವಾರಗಳ ಮಾತು. ಹೀಗಾಗಿ ಟ್ಯಾಲಿ ‘ಇದ್ದರೆ ಒಳ್ಳೆಯದು’ ಪಟ್ಟಿಗೆ. ರಾಜ್‌ಕೋಟ್‌ನಿಂದ ಮಾಲು ಬರುವುದಾದರೆ ಹಿಂದಿಯೂ ಅಲ್ಲಿಗೇ. ಕಚೇರಿಯಲ್ಲೇ ಇಲ್ಲದ ಎಸ್‌ಎಪಿ, ಹೊರಗಿನ ಕನ್ಸಲ್ಟೆಂಟ್ ನೋಡುವ ಪಿಎಫ್, ಬ್ಯಾಂಕ್ ವ್ಯವಹಾರವೆಲ್ಲ ಆನ್‌ಲೈನ್ ಆದ ಮೇಲೂ ಉಳಿದ ಬೈಕ್, ಮೂರನ್ನೂ ಹೊಡೆದುಹಾಕಿ.

ಸಂದರ್ಶನದಲ್ಲಿ ಟ್ಯಾಲಿ ಬಾರದ ಕಾರಣಕ್ಕೇ ಒಬ್ಬರನ್ನು ಕೈಬಿಟ್ಟಿರೋ, ನಿಮಗದು ಐಚ್ಛಿಕವಾಗಿರಲಿಲ್ಲ. ಮುಂದಿನ ಕರಡಿನಲ್ಲಿ ಅದನ್ನು ಕಡ್ಡಾಯಕ್ಕೆ ಸೇರಿಸಿ. ಮತ್ತೆ, ಪ್ರಕಟಿಸುವ ಮೊದಲು ಆ ಕೆಲಸವನ್ನು ಈಗ ಮಾಡುತ್ತಿರುವವರಿಗೆ ಕರಡನ್ನೊಮ್ಮೆ ತೋರಿಸಿ.