4ರಲ್ಲಿ ಸಿಕ್ಕಿಕೊಳ್ಳುವ ಯಂತ್ರ

ಮೂರು ಪೂರ್ಣಾಂಕಗಳ ಘನಗಳನ್ನು ಕೂಡಿದರೆ ಯಾವ ಯಾವ ಸಂಖ್ಯೆಗಳು ಸಿಗುತ್ತವೆ? 3 ಸಿಗುತ್ತದೆ: 1³ + 1³ + 1³. 6 ಕೂಡ ಸಿಗುತ್ತದೆ: 2³ + (−1)³ + (−1)³. ಹೀಗೆ ಸಿಗುವ ಸಂಖ್ಯೆಗಳ ಇಡೀ ಗುಂಪನ್ನು ಗಣಕ ವಿಜ್ಞಾನದವರು ಒಂದು ‘ಭಾಷೆ’ ಎನ್ನುತ್ತಾರೆ. ಋಣ ಸಂಖ್ಯೆಗಳಿಗೂ ಅವಕಾಶವಿರುವುದರಿಂದ ಇಲ್ಲಿ ಹುಡುಕಾಟಕ್ಕೆ ಕೊನೆಯೇ ಇಲ್ಲ.

ಈ ಭಾಷೆಗೆ ಎರಡು ಬಗೆಯ ಯಂತ್ರ ಕಟ್ಟಬಹುದು. ಮೊದಲನೆಯದು ರೆಕಗ್ನೈಸರ್. ಒಂದು ಸಂಖ್ಯೆ ಕೊಟ್ಟರೆ ಅದು ಚಿಕ್ಕದರಿಂದ ಶುರುಮಾಡಿ ಒಂದೊಂದೇ ತ್ರಿವಳಿಯನ್ನು ಕೂಡಿ ನೋಡುತ್ತದೆ. ಲೆಕ್ಕ ಕೂಡಿಬಂದರೆ ‘ಹೌದು’ ಎಂದು ನಿಲ್ಲುತ್ತದೆ, ಬಾರದಿದ್ದರೆ ಹುಡುಕುತ್ತಲೇ ಇರುತ್ತದೆ. ‘ಇಲ್ಲ’ ಎಂದು ಹೇಳಲೇಬೇಕೆಂಬ ಷರತ್ತು ಅದಕ್ಕಿಲ್ಲ. ಎರಡನೆಯದು ಎನ್ಯೂಮರೇಟರ್. ಅದಕ್ಕೆ ಪ್ರಶ್ನೆಯನ್ನೇ ಕೊಡುವುದಿಲ್ಲ. ತನ್ನಷ್ಟಕ್ಕೆ ತಾನು ಸದಸ್ಯರ ಪಟ್ಟಿಯನ್ನು ಮುದ್ರಿಸುತ್ತ ಹೋಗುತ್ತದೆ. ಕ್ರಮ ಹೇಗಿದ್ದರೂ ಸರಿ, ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದರೂ ಸರಿ. ಆದರೆ ಪ್ರತಿ ಸದಸ್ಯನೂ ಎಂದಾದರೊಂದು ದಿನ ಅಚ್ಚಾಗಲೇಬೇಕು, ಹೊರಗಿನದು ಒಂದೂ ಅಚ್ಚಾಗಬಾರದು.

ಎನ್ಯೂಮರೇಟರ್ ಕೈಯಲ್ಲಿದ್ದರೆ ರೆಕಗ್ನೈಸರ್ ಕಟ್ಟುವುದು ಸುಲಭ. ಪಟ್ಟಿಯನ್ನು ನೋಡುತ್ತಿದ್ದು, ನಮ್ಮ ಸಂಖ್ಯೆ ಬಂದೊಡನೆ ‘ಹೌದು’ ಎಂದರಾಯಿತು.

ತಿರುಗಿಸಿ ಮಾಡಲು ಹೊರಟಾಗ ಕಷ್ಟ ಎದುರಾಗುತ್ತದೆ. 1, 2, 3 ಎಂದು ಒಂದಾದ ಮೇಲೊಂದು ಸಂಖ್ಯೆಯನ್ನು ರೆಕಗ್ನೈಸರ್‌ಗೆ ಕೊಟ್ಟು, ‘ಹೌದು’ ಬಂದಾಗ ಮುದ್ರಿಸಿದರೆ ಸಾಲದೇ? ಸಾಲದು. ಯಾವ ಘನವನ್ನು 9ರಿಂದ ಭಾಗಿಸಿದರೂ ಉಳಿಯುವುದು 0, 1 ಅಥವಾ 8. ಇಂಥ ಮೂರನ್ನು ಹೇಗೆ ಕೂಡಿದರೂ ಶೇಷ 4 ಬರುವುದಿಲ್ಲ. ಇದು ನಮಗೆ ಗೊತ್ತು, ಸುಮ್ಮನೆ ಹುಡುಕುವ ಯಂತ್ರಕ್ಕೆ ಗೊತ್ತಿಲ್ಲ. ಅದು 4ರಲ್ಲೇ ಸಿಕ್ಕಿಕೊಳ್ಳುತ್ತದೆ, 6ರ ಸರದಿ ಎಂದೂ ಬರುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ನಿಜಕ್ಕೂ ಸುಂದರವಾದದ್ದು. ಯಾವ ಸಂಖ್ಯೆಯ ಹಿಂದೆಯೂ ಕೊನೆತನಕ ಹೋಗುವುದು ಬೇಡ. ಮೊದಲ ಸುತ್ತಿನಲ್ಲಿ 1ಕ್ಕೆ ಮಾತ್ರ ಒಂದು ಹೆಜ್ಜೆ, ಎರಡನೆಯದರಲ್ಲಿ 1 ಮತ್ತು 2ಕ್ಕೆ ತಲಾ ಎರಡು ಹೆಜ್ಜೆ, ನೂರನೆಯದರಲ್ಲಿ ಮೊದಲ ನೂರು ಸಂಖ್ಯೆಗಳಿಗೆ ತಲಾ ನೂರು ಹೆಜ್ಜೆ. ಅಷ್ಟರೊಳಗೆ ‘ಹೌದು’ ಎಂದವನ್ನು ಮುದ್ರಿಸಿ ಮುಂದಿನ ಸುತ್ತಿಗೆ ಹೋಗಬೇಕು. 6ರ ಉತ್ತರ 50ನೇ ಹೆಜ್ಜೆಯಲ್ಲಿದ್ದರೆ ಅದು 50ನೇ ಸುತ್ತಿನಲ್ಲಿ ಅಚ್ಚಾಗುತ್ತದೆ. 4 ಪ್ರತಿ ಸುತ್ತಿನಲ್ಲೂ ತನ್ನ ಪಾಲಿನ ಹೆಜ್ಜೆಗಳನ್ನು ತಿನ್ನುತ್ತದೆ, ಆದರೆ ಯಾರ ದಾರಿಗೂ ಅಡ್ಡ ಬರುವುದಿಲ್ಲ.

42ರ ಉತ್ತರವನ್ನು ಆಂಡ್ರ್ಯೂ ಬೂಕರ್ ಮತ್ತು ಆಂಡ್ರ್ಯೂ ಸದರ್‌ಲ್ಯಾಂಡ್ ಕಂಡುಹಿಡಿದದ್ದು 2019ರಲ್ಲಿ, ಇದಕ್ಕಿಂತ ಎಷ್ಟೋ ಜಾಣ ವಿಧಾನದಿಂದ. ಆ ಮೂರು ಸಂಖ್ಯೆಗಳಿಗೂ ತಲಾ 17 ಅಂಕಿಗಳಿವೆ. ನಮ್ಮ ಯಂತ್ರ ಅಲ್ಲಿಗೆ ತಲುಪಲು ಊಹೆಗೂ ಮೀರಿದಷ್ಟು ಸುತ್ತುಗಳು ಬೇಕು, ಆದರೂ ತಲುಪುವುದು ಖಂಡಿತ.

ಪಟ್ಟಿ ಏರಿಕೆಯ ಕ್ರಮದಲ್ಲೇ ಬರುತ್ತದೆಂಬ ಭರವಸೆ ಇದ್ದಿದ್ದರೆ ‘ಇಲ್ಲ’ ಎಂದೂ ಹೇಳಬಹುದಿತ್ತು: ದೊಡ್ಡ ಸಂಖ್ಯೆ ಮೊದಲು ಬಂದರೆ ಬಿಟ್ಟುಹೋದ ಚಿಕ್ಕದು ಹೊರಗಿನದು. ನಮ್ಮ ಪಟ್ಟಿಗೆ ಆ ಭರವಸೆಯಿಲ್ಲ. 116 ಬೇಗನೆ ಬರುತ್ತದೆ, ಅದು 5³ + (−2)³ + (−1)³. ಹಾಗೆಂದು 114 ಬರುವುದಿಲ್ಲವೆಂದು ಹೇಳುವಂತಿಲ್ಲ. 9ರ ಶೇಷದ ಲೆಕ್ಕವೂ ಅದನ್ನು ತಳ್ಳಿಹಾಕುವುದಿಲ್ಲ, ಅದರ ಮೂರು ಘನಗಳು ಇನ್ನೂ ಯಾರಿಗೂ ಸಿಕ್ಕಿಲ್ಲ.