26 ಎಲ್ಲಿಂದ ಬಂತು?

ಮೊಬೈಲ್ ಆ್ಯಪ್‌ನಲ್ಲಿ ನಾವು ಒತ್ತುವ ಬಟನ್ನು, ಓದುವ ಅಕ್ಷರ, ತುಂಬುವ ಖಾನೆ ಎಲ್ಲವನ್ನೂ ಮೊದಲು ಯಾರೋ ಒಬ್ಬ ಡಿಸೈನರ್ ಫಿಗ್ಮಾದಂಥ ತಂತ್ರಾಂಶದಲ್ಲಿ ಬಿಡಿಸಿರುತ್ತಾರೆ. ಆ ಫೈಲನ್ನು ನೋಡಿಕೊಂಡು ಡೆವಲಪರ್ ಕೋಡ್ ಬರೆಯುತ್ತಾರೆ. ಫೈಲು ಹೀಗೆ ಕೈ ದಾಟುವುದಕ್ಕೆ ಈ ಕೆಲಸದವರು ಹ್ಯಾಂಡಾಫ್ ಎನ್ನುತ್ತಾರೆ. ದಾಟಿಸುವ ಮುನ್ನ ಫೈಲನ್ನು ತೆರೆದು ಕೂತು ಪರಿಶೀಲಿಸುವವರು ಯಾವುದನ್ನು ಹುಡುಕುತ್ತಾರೆ? ಚಂದ ಕಾಣುತ್ತದೆಯೇ ಎಂಬ ಪ್ರಶ್ನೆ ಅಷ್ಟರಲ್ಲಿ ಮುಗಿದಿರುತ್ತದೆ. ಉಳಿಯುವ ಪ್ರಶ್ನೆ ಬೇರೆ: ಈ ಫೈಲಿನಲ್ಲಿರುವ ಅಂಕಿಗಳಲ್ಲಿ ಬೇಕೆಂದೇ ಇಟ್ಟದ್ದು ಯಾವುದು, ಕೈತಪ್ಪಿ ಉಳಿದದ್ದು ಯಾವುದು? ಡೆವಲಪರ್‌ಗೆ ಅದು ಗೊತ್ತಾಗುವುದಿಲ್ಲ. ಅವರು ಎರಡನ್ನೂ ಅಷ್ಟೇ ನಿಷ್ಠೆಯಿಂದ ಕೋಡಿಗೆ ಇಳಿಸುತ್ತಾರೆ.

ಉದಾಹರಣೆಗೆ ವಿದ್ಯುತ್ ಬಿಲ್ ಕಟ್ಟುವ ಒಂದು ಪರದೆಯನ್ನು ಕಲ್ಪಿಸಿಕೊಳ್ಳೋಣ. ಆಂಡ್ರಾಯ್ಡ್ ಫೋನಿಗಾಗಿ 360 ಅಗಲದ ಫ್ರೇಮು. ಮೇಲೆ ಗ್ರಾಹಕರ ಹೆಸರು, ಅದರ ಕೆಳಗೆ ಖಾತೆ ಸಂಖ್ಯೆ ತುಂಬುವ ಖಾನೆ, ಆಮೇಲೆ ಮೊತ್ತ ತೋರಿಸುವ ಕಾರ್ಡು, ಕೊನೆಯಲ್ಲಿ ‘ಪಾವತಿಸಿ’ ಎಂಬ ಬಟನ್ನು. ಈ ತಂಡ ಅಂತರಗಳನ್ನೆಲ್ಲ 8ರ ಗುಣಕದಲ್ಲಿ, ತೀರಾ ಸಣ್ಣವನ್ನು 4ರಲ್ಲಿ ಇಡಬೇಕೆಂದು ನಿಯಮ ಮಾಡಿಕೊಂಡಿದೆ. ಬಹಳಷ್ಟು ತಂಡಗಳು ಹೀಗೇ ಮಾಡುತ್ತವೆ.

ಕಾರ್ಡನ್ನು ಆಯ್ದುಕೊಂಡು, Alt ಕೀಲಿ ಒತ್ತಿಹಿಡಿದು ಬಟನ್ನಿನ ಮೇಲೆ ಮೌಸ್ ತಂದರೆ ಎರಡರ ನಡುವಿನ ಅಂತರವನ್ನು ಫಿಗ್ಮಾ ಕೆಂಪು ಗೆರೆಯಲ್ಲಿ ತೋರಿಸುತ್ತದೆ. ಒಂದು ಪರದೆಯಲ್ಲಿ 24 ಇದೆ. ಅದರದೇ ಜೋಡಿ ಪರದೆಯಲ್ಲಿ 26. ಎರಡು ಪಿಕ್ಸೆಲ್ ಕಣ್ಣಿಗೆ ಕಾಣುವುದಿಲ್ಲ, ಆದರೆ 26 ಎಂಬ ಅಂಕಿ ತಾನು ಹುಟ್ಟಿದ ಕಥೆ ಹೇಳುತ್ತದೆ. ಫಿಗ್ಮಾದಲ್ಲಿ Shift ಒತ್ತಿ ಬಾಣದ ಕೀಲಿ ಒತ್ತಿದರೆ ವಸ್ತು 10 ಪಿಕ್ಸೆಲ್ ಜರುಗುತ್ತದೆ. ಮೊದಲು 16ರಲ್ಲಿದ್ದ ಬಟನ್ನನ್ನು ಯಾರೋ ಸ್ವಲ್ಪ ಕೆಳಗಿರಲಿ ಎಂದು ಒಮ್ಮೆ ಜರುಗಿಸಿದ್ದಾರೆ, 26 ಆಗಿದೆ. 8ರ ನಿಯಮ ಇಟ್ಟುಕೊಂಡ ತಂಡ ಸೆಟ್ಟಿಂಗ್ಸ್‌ನಲ್ಲಿ ಈ 10ನ್ನು 8ಕ್ಕೆ ಬದಲಿಸಿಕೊಳ್ಳದಿದ್ದರೆ 18, 26, 34 ಎಂಬಂಥ ಅಂಕಿಗಳು ಫೈಲಿನ ತುಂಬ ಹುಟ್ಟುತ್ತಲೇ ಇರುತ್ತವೆ.

ಎಡ ಅಂಚು 15.5 ಎಂದು ಕಂಡರೆ ಅದರ ಹಿಂದಿನ ಕಾರಣ ಬೇರೆ. ಕಾರ್ಡಿನ ಅಗಲ 328 ಇರಬೇಕಾದಲ್ಲಿ ಎಳೆಯುವಾಗ 329 ಆಗಿದೆ. ಅದನ್ನು ನಡುವಿಗೆ ಕೂರಿಸಿದಾಗ ಉಳಿದ 31 ಪಿಕ್ಸೆಲ್ ಎರಡು ಕಡೆಗೂ ಸಮನಾಗಿ ಹಂಚಿಹೋಗಿದೆ. ಇನ್ನು 15.73ರಂಥದು ಕಂಡರೆ ಯಾರೋ ಇಡೀ ಗುಂಪನ್ನೇ ಮೂಲೆ ಹಿಡಿದು ಹಿಗ್ಗಿಸಿಯೋ ಕುಗ್ಗಿಸಿಯೋ ಇದ್ದಾರೆ ಎಂದೇ ತಿಳಿಯಬೇಕು. ಅಂಥ ಕಡೆ ಅಂಚನ್ನು ಮಾತ್ರ ತಿದ್ದಿದರೆ ಸಾಲದು. ಅಕ್ಷರದ ಗಾತ್ರ, ಮೂಲೆಯ ದುಂಡು, ಗೆರೆಯ ದಪ್ಪ ಎಲ್ಲವೂ ಅದೇ ಅನುಪಾತದಲ್ಲಿ ಕೆಟ್ಟಿರಬಹುದು. ಕಾರಣ ಗೊತ್ತಾದರೆ ಮುಂದೆ ಎಲ್ಲೆಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ಅಂಕಿಯನ್ನು ತಿದ್ದಿ ಮುಂದೆ ಹೋಗುವುದಕ್ಕಿಂತ ಅದು ಎಲ್ಲಿಂದ ಬಂತೆಂದು ಒಂದು ನಿಮಿಷ ಯೋಚಿಸುವುದು ಮೇಲು ಎನ್ನುವುದು ಈ ಕಾರಣಕ್ಕೆ.

ಅಂಕಿ ಸರಿಯಿದ್ದರೂ ಅದು ಯಾರ ಲೆಕ್ಕಕ್ಕೆ ಸೇರಿದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಕಾರ್ಡಿನೊಳಗಿನ ಕೊನೆಯ ಸಾಲಿನಿಂದ ಬಟನ್ನಿನವರೆಗೆ ಒಟ್ಟು 40 ಇದೆ ಎನ್ನಿ. ಅದರಲ್ಲಿ 16 ಕಾರ್ಡಿನ ಒಳಅಂಚು, 24 ಕಾರ್ಡಿಗೂ ಬಟನ್ನಿಗೂ ನಡುವಿನ ಜಾಗ. ಕಾರ್ಡಿಗೆ ಹಿನ್ನೆಲೆ ಬಣ್ಣ ಇಲ್ಲದಿದ್ದರೆ ಈ ಗಡಿ ಕಣ್ಣಿಗೆ ಕಾಣುವುದಿಲ್ಲ. ಆಟೋ ಲೇಔಟ್ ಬಳಸಿ ಕಟ್ಟಿದ ಫೈಲಿನಲ್ಲಿ ಇವೆರಡೂ ಬೇರೆಬೇರೆಯಾಗಿ ನಮೂದಾಗಿರುತ್ತವೆ, ಕೈಯಿಂದ ಜೋಡಿಸಿಟ್ಟದ್ದರಲ್ಲಿ ಡೆವಲಪರ್ ಊಹಿಸಬೇಕಾಗುತ್ತದೆ. ಇದನ್ನು ಪರೀಕ್ಷಿಸಲು ಸುಲಭದ ದಾರಿ ಒಂದಿದೆ: ಫ್ರೇಮಿನ ಅಂಚು ಹಿಡಿದು 360ರಿಂದ 412ಕ್ಕೆ ಎಳೆಯಿರಿ, ಮತ್ತೆ 320ಕ್ಕೆ ತನ್ನಿ. ಕಾರ್ಡು ಹಿಗ್ಗಬೇಕು, ಎರಡೂ ಬದಿಯ 16 ಕದಲಬಾರದು. ಬಟನ್ನು ಎಡಕ್ಕೆ ಅಂಟಿಕೊಂಡು ನಿಂತರೆ ಅದರ ಅಗಲದ ಬಗ್ಗೆ ಯಾರೂ ತೀರ್ಮಾನ ಮಾಡಿಲ್ಲವೆಂದೇ ಅರ್ಥ.

ಕನ್ನಡದ ಪರದೆಗಳಿಗೆ ಇಲ್ಲಿ ಇನ್ನೊಂದು ಪರೀಕ್ಷೆ ಬೇಕು. ಇದನ್ನು ಹೆಚ್ಚಿನವರು ಮಾಡುವುದಿಲ್ಲ ಎಂಬುದೇ ನನಗೆ ಬೇಸರದ ವಿಷಯ. ಬಹಳಷ್ಟು ಫೈಲುಗಳಲ್ಲಿ ಮಾದರಿ ಪಠ್ಯ ಇಂಗ್ಲಿಷಿನಲ್ಲಿರುತ್ತದೆ. 16ರ ಅಕ್ಷರಕ್ಕೆ 20ರ ಸಾಲೆತ್ತರ ಕೊಟ್ಟರೆ ಇಂಗ್ಲಿಷಿಗೆ ಧಾರಾಳವಾಯಿತು. ಅದೇ ಜಾಗದಲ್ಲಿ ‘ಲಕ್ಷ್ಮೀ’ ಎಂದು ಬರೆದು ನೋಡಿ, ಅದರ ಕೆಳಗಿನ ಸಾಲಿಗೆ ‘ರಾಷ್ಟ್ರೀಯ’ ಎಂದು ಹಾಕಿ. ಮೇಲಿನ ಸಾಲಿನ ಒತ್ತಕ್ಷರ ಇಳಿದು ಬರುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇಳುತ್ತದೆ, ಎರಡೂ ಮಧ್ಯದಲ್ಲಿ ತಾಗುತ್ತವೆ. ಫೈಲಿನಲ್ಲಿರುವ ಫಾಂಟಿನಲ್ಲಿ ಕನ್ನಡವೇ ಇಲ್ಲದಿದ್ದರೆ ಆಂಡ್ರಾಯ್ಡ್ ತನ್ನಲ್ಲಿರುವ ಕನ್ನಡ ಫಾಂಟನ್ನು, ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡವನ್ನು, ಬದಲಿಗೆ ತರುತ್ತದೆ. ಆಂಡ್ರಾಯ್ಡ್ 9ರಿಂದೀಚೆಗೆ ಹೀಗೆ ಬದಲಿಯಾಗಿ ಬಂದ ಫಾಂಟಿನ ಎತ್ತರಕ್ಕೆ ತಕ್ಕಂತೆ ಸಾಲೂ ಎತ್ತರವಾಗಬಹುದು. ಆಗ ಅಕ್ಷರ ಕತ್ತರಿಸಿ ಹೋಗುವುದು ತಪ್ಪುತ್ತದೆ, ಆದರೆ ಡಿಸೈನರ್ ಕೊಟ್ಟ 24 ಫೋನಿನ ಮೇಲೆ 24 ಆಗಿ ಉಳಿಯುವುದಿಲ್ಲ. ಡೆವಲಪರ್ ತಪ್ಪು ಮಾಡಿದರೆಂದು ದೂರು ಬರುತ್ತದೆ, ಅವರು ಬರೆದ ಕೋಡ್ ಮಾತ್ರ ಫೈಲಿಗೆ ಸರಿಯಾಗಿಯೇ ಇರುತ್ತದೆ. ಕನ್ನಡ ಫಾಂಟನ್ನು ಫೈಲಿನಲ್ಲೇ ಆರಿಸಿ, 16ಕ್ಕೆ 24 ಅಥವಾ 26ರ ಸಾಲೆತ್ತರ ಕೊಟ್ಟು, ಒತ್ತಕ್ಷರ ತುಂಬಿದ ಪದಗಳಿಂದಲೇ ಪರೀಕ್ಷಿಸಿದರೆ ಈ ಜಗಳ ಹುಟ್ಟುವುದಿಲ್ಲ. ಇಲ್ಲಿಯ 26 ಬೇಕೆಂದೇ ಇಟ್ಟ 26. ಹಾಗೆಂದು ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದಿಡಬೇಕು, ಇಲ್ಲದಿದ್ದರೆ 8ರ ನಿಯಮ ಬಲ್ಲ ಇನ್ನೊಬ್ಬರು ಅದನ್ನು 24ಕ್ಕೆ ತಿದ್ದಿಬಿಡುತ್ತಾರೆ.

ಫೈಲಿನಲ್ಲಿ ತಪ್ಪಾಗಿರುವುದನ್ನು ಹುಡುಕುವುದು ಒಂದು ಕೆಲಸ. ಇಲ್ಲದೇ ಇರುವುದನ್ನು ಹುಡುಕುವುದು ಇನ್ನೂ ಕಷ್ಟದ್ದು. ಕಾಂಪೊನೆಂಟಿನ ಸ್ಥಿತಿಗಳನ್ನು ನೋಡುವಾಗ ಬರುವುದು ಈ ಎರಡನೆಯದು. ನಮ್ಮ ‘ಪಾವತಿಸಿ’ ಬಟನ್ನು ಫೈಲಿನಲ್ಲಿ ಹಸಿರಾಗಿ ಒಂದೇ ಸಲ ಕಾಣುತ್ತದೆ. ಖಾತೆ ಸಂಖ್ಯೆ ತುಂಬುವ ಮೊದಲು ಅದು ಮಂಕಾಗಿರಬೇಕೇ? ಬೆರಳು ಒತ್ತಿದಾಗ ಬಣ್ಣ ಬದಲಾಗಬೇಕೇ? ಒತ್ತಿದ ಮೇಲೆ ಬ್ಯಾಂಕಿನಿಂದ ಉತ್ತರ ಬರುವವರೆಗೆ ಏನು ಕಾಣಬೇಕು? ಕೊನೆಯದನ್ನು ಬಿಡಿಸದಿದ್ದರೆ ಬಟನ್ನು ಹಸಿರಾಗಿಯೇ ಉಳಿಯುತ್ತದೆ. ನೆಟ್‌ವರ್ಕ್ ನಿಧಾನವಿರುವ ಊರಿನಲ್ಲಿ ಜನ ಅದನ್ನು ಮತ್ತೆ ಒತ್ತುತ್ತಾರೆ. ಕಾಯುವ ಸ್ಥಿತಿಯಲ್ಲಿ ಅಕ್ಷರದ ಜಾಗದಲ್ಲಿ ತಿರುಗುವ ಚಕ್ರ ಬರಬೇಕು, ಬಟನ್ನಿನ ಅಗಲ ಬದಲಾಗಬಾರದು, ಎರಡನೇ ಒತ್ತು ಏನನ್ನೂ ಮಾಡಬಾರದು. ಈ ಮೂರೂ ಫೈಲಿನಲ್ಲಿ ಇರಬೇಕು.

ಇದಕ್ಕಿಂತ ದೊಡ್ಡ ಕೊರತೆ ಹಣ ಕಟ್ಟಿದ ನಂತರದ ಪರದೆಯಲ್ಲಿ ಕಾಣುತ್ತದೆ. ಡಿಸೈನರ್‌ಗಳು ಹಸಿರು ಟಿಕ್ಕಿನ ಒಂದು ಪರದೆ, ಕೆಂಪು ಗುರುತಿನ ಒಂದು ಪರದೆ ಬಿಡಿಸಿ ಮುಗಿಸುತ್ತಾರೆ. ಯುಪಿಐ ಬಳಸಿದವರೆಲ್ಲ ಮೂರನೆಯ ಉತ್ತರವನ್ನೂ ಬಲ್ಲರು: ಖಾತೆಯಿಂದ ಹಣ ಹೋಗಿದೆ, ಆ ಕಡೆ ಸೇರಿದೆಯೋ ಇಲ್ಲವೋ ಇನ್ನೂ ಖಚಿತವಿಲ್ಲ. ಫೈಲಿನಲ್ಲಿ ಈ ‘ಬಾಕಿ’ ಸ್ಥಿತಿಗೆ ಪರದೆಯೇ ಇಲ್ಲದಿದ್ದರೆ ಡೆವಲಪರ್ ಇರುವ ಎರಡರಲ್ಲಿ ಒಂದನ್ನು ಆರಿಸಬೇಕು. ಕೆಂಪನ್ನು ಆರಿಸಿದರೆ ಗ್ರಾಹಕರು ಅದೇ ಬಿಲ್ಲನ್ನು ಮತ್ತೆ ಕಟ್ಟುತ್ತಾರೆ, ಹಸಿರನ್ನು ಆರಿಸಿದರೆ ಕಟ್ಟಿಲ್ಲದ ಬಿಲ್ ಕಟ್ಟಿದೆಯೆಂದು ನಂಬಿ ಕೂರುತ್ತಾರೆ. ‘ಹಣ ಪಾವತಿ ಇನ್ನೂ ಖಚಿತವಾಗಿಲ್ಲ, ಮತ್ತೆ ಕಟ್ಟಬೇಡಿ’ ಎಂಬ ವಾಕ್ಯ, ವಹಿವಾಟಿನ ಸಂಖ್ಯೆ, ಸ್ಥಿತಿಯನ್ನು ಮತ್ತೆ ನೋಡುವ ಒಂದು ಬಟನ್ನು, ಇಷ್ಟಿರುವ ಪರದೆ ಬಿಡಿಸಲು ಹೆಚ್ಚು ಹೊತ್ತು ಬೇಕಾಗದು. ಅದು ಇಲ್ಲವೆಂದು ಗಮನಕ್ಕೆ ಬರಬೇಕಷ್ಟೆ. ಪರಿಶೀಲಿಸುವವರು ಪರದೆಗಳನ್ನು ಎಡದಿಂದ ಬಲಕ್ಕೆ ನೋಡುತ್ತ ಹೋದರೆ ಇದು ಸಿಗುವುದಿಲ್ಲ. ಪ್ರತಿ ಒತ್ತಿನ ನಂತರ ನಿಂತು ‘ಇಲ್ಲಿಂದ ಎಷ್ಟು ಉತ್ತರ ಬರಬಹುದು’ ಎಂದು ಎಣಿಸಿದರೆ ಸಿಗುತ್ತದೆ.

ಖಾತೆ ಸಂಖ್ಯೆಯ ಖಾನೆಗೂ ಇದೇ ಎಣಿಕೆ: ಖಾಲಿ, ಬೆರಳಿಟ್ಟಾಗ, ತುಂಬಿದಾಗ, ತಪ್ಪಾದಾಗ. ತಪ್ಪಾದಾಗ ಕೆಳಗೆ ಮೂಡುವ ಕೆಂಪು ಸಾಲಿಗೆ ಮೊದಲೇ ಜಾಗ ಬಿಟ್ಟಿದೆಯೋ, ಅಥವಾ ಅದು ಬಂದಾಗ ಕಾರ್ಡು ಕೆಳಕ್ಕೆ ಜರುಗಬೇಕೋ ಎಂಬುದನ್ನು ಹೇಳದಿದ್ದರೆ ಅಷ್ಟು ಕಷ್ಟಪಟ್ಟು ತಿದ್ದಿದ ಅಂತರ ಮತ್ತೆ ಹಾಳಾಗುತ್ತದೆ.

ಕೊನೆಯದು ಐಕಾನು ಮತ್ತು ಚಿತ್ರಗಳು. ಡೆವಲಪರ್ ಇವನ್ನು ಕೋಡಿನಲ್ಲಿ ಬರೆಯುವುದಿಲ್ಲ, ಫೈಲಿನಿಂದಲೇ ಹೊರತೆಗೆದುಕೊಳ್ಳುತ್ತಾರೆ. ಆದ್ದರಿಂದ ಗಡಿ ಎಲ್ಲಿದೆ ಎಂಬುದೇ ಮುಖ್ಯ. ಬಿಲ್ಲಿನ ಐಕಾನನ್ನು 24ಕ್ಕೆ 24ರ ಚೌಕದೊಳಗೆ ಬಿಡಿಸಲಾಗಿದೆ, ರೇಖಾಚಿತ್ರ ಮಾತ್ರ 16 ಅಗಲ, 20 ಎತ್ತರ. ಎಕ್ಸ್‌ಪೋರ್ಟ್ ಗುರುತನ್ನು ಚೌಕದ ಮೇಲೆ ಹಾಕುವ ಬದಲು ಒಳಗಿನ ರೇಖೆಯ ಮೇಲೆ ಹಾಕಿದ್ದರೆ ಹೊರಬರುವುದು 16ಕ್ಕೆ 20ರ ತುಂಡು. ಸುತ್ತಲಿನ ಖಾಲಿ ಜಾಗ ಫೈಲಿನಲ್ಲೇ ಉಳಿದುಹೋಗುತ್ತದೆ. ಡೆವಲಪರ್ ಅದನ್ನು 24ರ ಚೌಕಕ್ಕೆ ಕೂರಿಸಿದಾಗ ಐಕಾನು ಪಕ್ಕದ ಐಕಾನುಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಸಾಲಿನಲ್ಲಿ ಒಂದು ಐಕಾನು ಮಾತ್ರ ಉಬ್ಬಿದಂತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಐಕಾನಿಗೆ ನೆರಳು ಹಾಕಿದ್ದರೆ ಇನ್ನೊಂದು ತೊಡಕು. ನೆರಳು ಎಸ್‌ವಿಜಿ ಫೈಲಿನೊಳಗೆ ಫಿಲ್ಟರ್ ಆಗಿ ಹೋಗುತ್ತದೆ. ಆಂಡ್ರಾಯ್ಡ್ ತನ್ನ ವೆಕ್ಟರ್ ರೂಪಕ್ಕೆ ಬದಲಿಸಿಕೊಳ್ಳುವಾಗ ಆ ಫಿಲ್ಟರನ್ನು ಒಪ್ಪುವುದಿಲ್ಲ. ನೆರಳು ಬೇಕೇಬೇಕಿದ್ದರೆ ಅದನ್ನು ಕೋಡಿಗೆ ಬಿಡುವುದು ಒಳ್ಳೆಯದು. ಫೋಟೊಗಳದ್ದು ಗಾತ್ರದ ಪ್ರಶ್ನೆ. 328 ಅಗಲದ ಫೋಟೊ ಅತಿ ಸಾಂದ್ರ ಪರದೆಯಲ್ಲಿ ನಾಲ್ಕು ಪಟ್ಟು, ಅಂದರೆ 1312 ಪಿಕ್ಸೆಲ್ ಕೇಳುತ್ತದೆ. ಮೂಲ ಚಿತ್ರವೇ 800 ಇದ್ದರೆ ಫಿಗ್ಮಾ 4x ಎಂದು ಹೊರತೆಗೆದುಕೊಟ್ಟರೂ ಅದು ಮಸುಕಾಗಿಯೇ ಇರುತ್ತದೆ. ಫೈಲ್ ಹೆಸರನ್ನೂ ಈಗಲೇ ನೋಡಿಬಿಡಬೇಕು. `Bill Icon-Final 2` ಎಂಬ ಹೆಸರನ್ನು ಆಂಡ್ರಾಯ್ಡ್ ಸ್ವೀಕರಿಸುವುದಿಲ್ಲ. ಸಣ್ಣಕ್ಷರ, ಅಂಕಿ, ಅಡಿಗೆರೆ ಮಾತ್ರ ನಡೆಯುತ್ತವೆ, `ic_bill_24` ಎಂಬಂತೆ. ಡಿಸೈನರ್ ಹೆಸರಿಡದಿದ್ದರೆ ಡೆವಲಪರ್ ಇಡುತ್ತಾರೆ, ಮುಂದೊಂದು ದಿನ ಐಕಾನು ಬದಲಿಸಬೇಕಾದಾಗ ಎರಡು ಹೆಸರುಗಳ ನಡುವೆ ಹುಡುಕಾಟ ಶುರುವಾಗುತ್ತದೆ. ಇವನ್ನೆಲ್ಲ ಫಿಗ್ಮಾದೊಳಗೇ ನೋಡಿ ತೃಪ್ತರಾಗಬಾರದು. ಹೊರತೆಗೆದ ಫೈಲನ್ನು ಬ್ರೌಸರಿನಲ್ಲಿ ತೆರೆದು, ಒಮ್ಮೆ ಬಿಳಿ, ಒಮ್ಮೆ ಕಪ್ಪು ಹಿನ್ನೆಲೆಯ ಮೇಲೆ ಇಟ್ಟು ನೋಡಿದರೆ ಐಕಾನಿನ ಹಿಂದೆ ಅಡಗಿದ ಬಿಳಿ ಚೌಕವೂ ಕಣ್ಣಿಗೆ ಬೀಳುತ್ತದೆ.

ಇಷ್ಟಾದ ಮೇಲೂ ಫೈಲು ಹೇಳಲಾರದ ಸಂಗತಿಗಳಿವೆ. ಆಂಡ್ರಾಯ್ಡ್ 14ರಲ್ಲಿ ಬಳಕೆದಾರರು ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿಕೊಳ್ಳಬಹುದು. ಕಣ್ಣು ಮಂಜಾದ ಹಿರಿಯರು ಮಾಡಿಕೊಳ್ಳುತ್ತಾರೆ ಕೂಡ. ‘ಪಾವತಿಸಿ’ ಬಟನ್ನಿಗೆ 48 ಎತ್ತರವೆಂದು ಬರೆದಿಟ್ಟರೆ ಆಗ ಅಕ್ಷರ ಅದರಲ್ಲಿ ಹಿಡಿಸುವುದಿಲ್ಲ. ‘ಕನಿಷ್ಠ 48, ಮೇಲೆ ಕೆಳಗೆ 12 ಒಳಅಂಚು’ ಎಂದು ಬರೆದರೆ ಬಟನ್ನು ಅಕ್ಷರದ ಜೊತೆಗೇ ಬೆಳೆಯುತ್ತದೆ. ಪರದೆಗೆ `Ready for dev` ಗುರುತು ಹಾಕುವ ಮುನ್ನ ಇಂಥ ಟಿಪ್ಪಣಿಗಳನ್ನು ಅಂಕಿಯ ಪಕ್ಕದಲ್ಲೇ ಬರೆದಿರಬೇಕು. ಗುರುತು ಹಾಕಿದ ಮೇಲೆ ಏನನ್ನಾದರೂ ಸರಿಸಿದರೆ, ಅದು ಎರಡೇ ಪಿಕ್ಸೆಲ್ ಆಗಿದ್ದರೂ, ಡೆವಲಪರ್‌ಗೆ ಅದೇ ದಿನ ತಿಳಿಸಬೇಕು.